ಅಡಿಕೆ ವಿಮೆಯ ಅರ್ಜಿ: ಗೋಡೆಯ ಮೇಲಿನ ಈ ಚಿತ್ರ ಏನು ಹೇಳುತ್ತದೆ?

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಹೊತ್ತಿಗೆ ನಮ್ಮ ಕಡೆ ಅಡಿಕೆ, ಕಾಳುಮೆಣಸಿನ ವಿಮೆಗೆ ನೋಂದಣಿ ಶುರುವಾಗುತ್ತದೆ. ಸಂಘದಲ್ಲಿ, ಬ್ಯಾಂಕಿನಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ ಜನ ಸಾಲು ನಿಲ್ಲುತ್ತಾರೆ, ದುಡ್ಡು ಕಟ್ಟುತ್ತಾರೆ, ರಸೀದಿ ತಗೊಂಡು ಮನೆಗೆ ಹೋಗುತ್ತಾರೆ. ಆಮೇಲೆ ಆ ಅರ್ಜಿ ಏನಾಯಿತು ಅನ್ನುವುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಪಕ್ಕದ ಊರಿನವರಿಗೆ ದುಡ್ಡು ಬಂತು, ನಮಗೆ ಬರಲಿಲ್ಲ. ಕೊಳೆ ಬಂದು ಅರ್ಧ ತೋಟ ಉದುರಿದರೂ ಯಾರೂ ನೋಡಲಿಕ್ಕೆ ಬರಲಿಲ್ಲ. ಈ ಎರಡು ಮಾತು ಪ್ರತಿ ವರ್ಷ ಕೇಳುತ್ತೇವೆ. ಎರಡಕ್ಕೂ ಉತ್ತರ ಈ ಗೋಡೆಗೆ ಅಂಟಿಸಿರುವ ಚಿತ್ರದಲ್ಲಿದೆ. ಅರ್ಜಿ ಹೋಗುವ ದಾರಿಯನ್ನು ನಾನು ದೊಡ್ಡ ಹಾಳೆಯಲ್ಲಿ ಬರೆದು ತಂದಿದ್ದೇನೆ. ಅದನ್ನು ಮೇಲಿಂದ ಕೆಳಗೆ ಒಟ್ಟಿಗೆ ಓದೋಣ.

## ಚಿತ್ರವನ್ನು ಓದುವ ಬಗೆ

ಇದರಲ್ಲಿ ಮೂರೇ ಗುರುತುಗಳಿವೆ. ಚೌಕ ಅಂದರೆ ಒಂದು ಕೆಲಸ. ಬಾಣ ಅಂದರೆ ಆ ಕೆಲಸ ಮುಗಿದ ಮೇಲೆ ಕಾಗದ ಎಲ್ಲಿಗೆ ಹೋಗುತ್ತದೆ ಅನ್ನುವುದು. ಮೂರನೆಯದು ಓರೆಯಾಗಿ ನಿಲ್ಲಿಸಿದ ಚೌಕ, ವಜ್ರದ ಆಕಾರದ್ದು. ಅದರೊಳಗೆ ಯಾವಾಗಲೂ ಒಂದು ಪ್ರಶ್ನೆ ಇರುತ್ತದೆ. ಅದರಿಂದ ಎರಡು ಬಾಣ ಹೊರಡುತ್ತವೆ, ಒಂದು ಹೌದು, ಇನ್ನೊಂದು ಅಲ್ಲ. ನಮ್ಮ ತೋಟದ ಬಾಯಲ್ಲಿರುವ ದಣಪೆ ಇದ್ದ ಹಾಗೆ ಅದು: ಆಳು ದಾಟಬಹುದು, ದನಕ್ಕೆ ದಾರಿಯಿಲ್ಲ. ಅರ್ಜಿ ಸರಿಯಿದ್ದರೆ ದಾಟುತ್ತದೆ, ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಈ ಚಿತ್ರದಲ್ಲಿ ಚೌಕಗಳಿಗಿಂತ ದಣಪೆಗಳನ್ನು ಹೆಚ್ಚು ಗಮನಿಸಿ. ನಮ್ಮವರ ಅರ್ಜಿಗಳು ಸಿಕ್ಕಿಕೊಳ್ಳುವುದು ಅಲ್ಲೇ.

ಹಾಳೆಯ ನಡುವೆ ಒಂದು ಕೆಂಪು ಗೆರೆ ಎಳೆದಿದ್ದೇನೆ. ಗೆರೆಯ ಮೇಲಿನದು ನಮ್ಮ ಕಾಗದದ ದಾರಿ: ಪಹಣಿ, ಆಧಾರ್, ವಿಮೆಯ ಕಂತು, ಬೆಳೆ ಸಮೀಕ್ಷೆ. ಗೆರೆಯ ಕೆಳಗಿನದು ಮಳೆಯ ದಾರಿ: ಮಳೆಮಾಪಕ, ಅದರ ಅಂಕಿ, ಅದರ ಲೆಕ್ಕ. ಈ ಎರಡು ದಾರಿ ಕೊನೆಯ ತನಕ ಬೇರೆ ಬೇರೆಯಾಗಿಯೇ ಹೋಗಿ, ಹಾಳೆಯ ತಳದಲ್ಲಿ ಒಂದೇ ಕಡೆ ಸೇರುತ್ತವೆ. ಅಲ್ಲಿಂದ ನಮ್ಮ ಬ್ಯಾಂಕ್ ಖಾತೆಗೆ ಒಂದು ಬಾಣ ಹೋಗುತ್ತದೆ.

ಈಗ ಒಂದು ಕೆಲಸ ಮಾಡಿ. ಬೆಳೆ ನಷ್ಟವಾಯಿತು ಎಂದು ಅರ್ಜಿ ಕೊಡುವ ಚೌಕ ಎಲ್ಲಿದೆ, ಅಧಿಕಾರಿ ತೋಟ ನೋಡಲು ಬರುವ ಚೌಕ ಎಲ್ಲಿದೆ ಎಂದು ಹುಡುಕಿ ನೋಡಿ.

ಸಿಗುವುದಿಲ್ಲ, ಯಾಕೆಂದರೆ ಅಂಥ ಚೌಕವೇ ಇಲ್ಲ. ಈ ಯೋಜನೆ ಅರ್ಥವಾಗಬೇಕಾದರೆ ಮೊದಲು ತಿಳಿಯಬೇಕಾದದ್ದು ಇದೇ.

## ಇದು ಬೆಳೆಯನ್ನು ನೋಡುವ ವಿಮೆಯಲ್ಲ, ಮಳೆಯನ್ನು ಅಳೆಯುವ ವಿಮೆ

ಯೋಜನೆಯ ಪೂರ್ತಿ ಹೆಸರು ಮರುವಿನ್ಯಾಸಗೊಳಿಸಿದ ಹವಾಮಾನ ಆಧಾರಿತ ಬೆಳೆ ವಿಮೆ ಯೋಜನೆ. ಈಗಿನ ರೂಪದಲ್ಲಿ 2016ರಿಂದ ನಡೆಯುತ್ತಿದೆ. ಭತ್ತ, ಜೋಳಕ್ಕಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಬೇರೆ, ಇದು ಬೇರೆ. ಎರಡನ್ನೂ ಒಂದೇ ಎಂದುಕೊಂಡು ಮೋಸಹೋದವರು ಬಹಳ ಜನ.

ಭತ್ತದ ವಿಮೆಯಲ್ಲಿ ಪಂಚಾಯಿತಿಯ ಕೆಲವು ಗದ್ದೆಗಳಲ್ಲಿ ಕೊಯ್ಲು ಪ್ರಯೋಗ ಮಾಡಿ ಇಳುವರಿ ಅಳೆಯುತ್ತಾರೆ. ಆಲಿಕಲ್ಲು ಮಳೆಯಿಂದಲೋ ಭೂಕುಸಿತದಿಂದಲೋ ನಿಮ್ಮ ಗದ್ದೆ ಒಂದೇ ಹಾಳಾದರೆ 72 ಗಂಟೆಯೊಳಗೆ ದೂರು ಕೊಡುವ ದಾರಿಯೂ ಅಲ್ಲಿದೆ. ಅಡಿಕೆಯ ಹವಾಮಾನ ವಿಮೆಯಲ್ಲಿ ಇಳುವರಿಯನ್ನು ಯಾರೂ ಅಳೆಯುವುದಿಲ್ಲ. ಎಷ್ಟು ಮಳೆ ಬಿತ್ತು, ಎಷ್ಟು ದಿನ ಎಡೆಬಿಡದೆ ಬಿತ್ತು ಎಂಬಂಥ ಹವಾಮಾನದ ಅಂಕಿಗಳನ್ನು ನೋಡುತ್ತಾರೆ. ಅಂಕಿ ಮೊದಲೇ ಗೊತ್ತುಮಾಡಿದ ಮಿತಿ ದಾಟಿದರೆ, ನಿಮ್ಮ ತೋಟದಲ್ಲಿ ಕೊಳೆ ಬಂದಿರಲಿ ಬರದಿರಲಿ, ಪರಿಹಾರ ಬರುತ್ತದೆ. ದಾಟದಿದ್ದರೆ, ಗೊನೆ ಪೂರ್ತಿ ಉದುರಿದರೂ ಬರುವುದಿಲ್ಲ.

ಇದು ಅನ್ಯಾಯ ಅಂತ ಅನ್ನಿಸಬಹುದು. ಹೀಗೆ ಮಾಡಿದ್ದಕ್ಕೆ ಕಾರಣವಿದೆ. ಅಡಿಕೆಯ ಕೊಯ್ಲು ಒಂದೇ ಸಲಕ್ಕೆ ಆಗುವುದಿಲ್ಲ, ತಿಂಗಳುಗಟ್ಟಲೆ ಹಲವು ಸುತ್ತು ನಡೆಯುತ್ತದೆ. ಕೊಳೆ ಬಂದಾಗ ಔಷಧಿ ಹೊಡೆದವರ ತೋಟ ಒಂದು ರೀತಿ, ಹೊಡೆಯದವರದು ಇನ್ನೊಂದು ರೀತಿ. ಪ್ರತಿ ತೋಟಕ್ಕೂ ಹೋಗಿ ನಷ್ಟ ಎಷ್ಟೆಂದು ಅಳೆದು ಮುಗಿಯುವ ಹೊತ್ತಿಗೆ ಮುಂದಿನ ಹಿಂಗಾರ ಒಡೆದಿರುತ್ತದೆ. ಅದರ ಬದಲು, ಕೊಳೆಗೆ ಕಾರಣವಾಗುವ ಮಳೆಯನ್ನೇ ಅಳೆದರೆ ಲೆಕ್ಕ ಬೇಗ ಆಗುತ್ತದೆ, ವಶೀಲಿಗೂ ಜಾಗ ಇರುವುದಿಲ್ಲ ಎಂಬುದು ಈ ಯೋಜನೆಯ ಹಿಂದಿನ ಯೋಚನೆ. ಆದರೆ ಮಳೆಮಾಪಕದ ಅಂಕಿಗೂ ನಿಮ್ಮ ತೋಟದ ಸ್ಥಿತಿಗೂ ನಡುವೆ ಅಂತರ ಉಳಿದೇ ಉಳಿಯುತ್ತದೆ. ಆ ಅಂತರದ ನಷ್ಟ ರೈತನದ್ದೇ.

## ಮೊದಲ ಚೌಕ: ಎಫ್‌ಐಡಿ

ಚಿತ್ರದ ಮೇಲ್ತುದಿಗೆ ಬನ್ನಿ. ಮೊದಲ ಚೌಕದಲ್ಲಿ ಎಫ್‌ಐಡಿ ಎಂದು ಬರೆದಿದೆ. ರಾಜ್ಯ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ಪ್ರತಿ ರೈತನಿಗೂ ಒಂದು ಗುರುತಿನ ಸಂಖ್ಯೆ ಕೊಡುತ್ತಾರೆ, ಅದೇ ಎಫ್‌ಐಡಿ. ನಿಮ್ಮ ಆಧಾರ್, ನಿಮ್ಮ ಸರ್ವೆ ನಂಬರುಗಳು, ನಿಮ್ಮ ಬ್ಯಾಂಕ್ ವಿವರ ಎಲ್ಲವೂ ಆ ಒಂದು ಸಂಖ್ಯೆಯ ಕೆಳಗೆ ಕೂತಿರುತ್ತವೆ. ಗೊಬ್ಬರದ ಸಹಾಯಧನಕ್ಕೆ, ತಾಡಪಾಲಿಗೆ, ಪರಿಹಾರಕ್ಕೆ ಇದನ್ನೇ ಕೇಳುತ್ತಾರೆ. ಹಾಗಾಗಿ ನಿಮ್ಮಲ್ಲಿ ಬಹಳ ಜನಕ್ಕೆ ಈಗಾಗಲೇ ಇದೆ.

ಎಫ್‌ಐಡಿ ಇದ್ದರೆ ಸಾಲದು. ವಿಮೆ ಮಾಡಿಸಬೇಕಾದ ತೋಟದ ಸರ್ವೆ ನಂಬರ್ ಅದರಲ್ಲಿ ಸೇರಿದೆಯೇ ಎಂದು ನೋಡಬೇಕು. ಇಲ್ಲೇ ಮೊದಲ ದಣಪೆ ಇದೆ: ಪಹಣಿಯಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು ಒಬ್ಬರದ್ದೇ ಹೌದೇ?

ಮಲೆನಾಡಿನಲ್ಲಿ ಈ ದಣಪೆಯಲ್ಲಿ ಸಿಕ್ಕಿಕೊಳ್ಳುವವರು ಎರಡು ಬಗೆ. ಮೊದಲನೆಯವರು, ತೀರಿಹೋದ ಅಪ್ಪನ ಅಥವಾ ಅಜ್ಜನ ಹೆಸರಲ್ಲೇ ಪಹಣಿ ಉಳಿಸಿಕೊಂಡವರು. ತೋಟ ಮಾಡುವುದು ಮಗನೇ, ಕಂದಾಯ ಕಟ್ಟುವುದೂ ಮಗನೇ. ಆದರೆ ಪಹಣಿಯ 9ನೇ ಕಾಲಂನಲ್ಲಿ ಅವನ ಹೆಸರಿಲ್ಲ. ಹೆಸರಿಲ್ಲದ ಸರ್ವೆ ನಂಬರ್ ಅವನ ಎಫ್‌ಐಡಿಗೆ ಸೇರುವುದಿಲ್ಲ. ಇದಕ್ಕೆ ಪೌತಿ ಖಾತೆ ಮಾಡಿಸಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟುಕೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಗ್ರಾಮ ಆಡಳಿತಾಧಿಕಾರಿ ಮುಂದುವರಿಸುತ್ತಾರೆ. ತಕರಾರು ಇದ್ದವರು ಹೇಳಿಕೊಳ್ಳಲಿ ಎಂದು ನಡುವೆ ನೋಟಿಸ್ ಅವಧಿ ಇರುತ್ತದೆ. ವಿಮೆಯ ಕೊನೆಯ ದಿನ ಹತ್ತಿರ ಬಂದಾಗ ಇದನ್ನು ಶುರುಮಾಡಿದರೆ ಆ ವರ್ಷಕ್ಕೆ ಸಿಗುವುದಿಲ್ಲ. ಬೇಸಿಗೆಯಲ್ಲೇ ಮಾಡಿಟ್ಟುಕೊಳ್ಳಬೇಕಾದ ಕೆಲಸ ಇದು.

ಎರಡನೆಯವರು ಜಂಟಿ ಖಾತೆಯವರು. ಅಣ್ಣ ತಮ್ಮಂದಿರು ಬಾಯಿಮಾತಲ್ಲಿ ಹಿಸ್ಸೆ ಆಗಿದ್ದಾರೆ, ಪಹಣಿ ಮಾತ್ರ ಇನ್ನೂ ಒಂದೇ. ಅಂಥವರು ತಮ್ಮ ತಮ್ಮ ಪಾಲಿನ ವಿಸ್ತೀರ್ಣ ಫ್ರೂಟ್ಸ್‌ನಲ್ಲಿ ಸರಿಯಾಗಿ ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು. ಒಬ್ಬರೇ ಪೂರ್ತಿ ತೋಟಕ್ಕೆ ವಿಮೆ ಮಾಡಿಸಿಬಿಟ್ಟರೆ ಇನ್ನೊಬ್ಬರ ಅರ್ಜಿಗೆ ನೆಲವೇ ಉಳಿಯುವುದಿಲ್ಲ. ಇದರ ಬಗ್ಗೆ ಮನೆಯಲ್ಲಿ ಕೂತು ಮೊದಲೇ ಮಾತಾಡಿಕೊಂಡರೆ ಕೌಂಟರಿನ ಮುಂದೆ ಜಗಳ ಆಗುವುದು ತಪ್ಪುತ್ತದೆ.

## ಎರಡನೇ ಚೌಕ: ನೋಂದಣಿ ಮತ್ತು ಕಂತು

ಈ ಚೌಕಕ್ಕೆ ಎರಡು ಕಡೆಯಿಂದ ಬಾಣ ಬರುತ್ತದೆ. ಬೆಳೆಸಾಲ ಇದ್ದವರು ಒಂದು ಕಡೆಯಿಂದ, ಸಾಲ ಇಲ್ಲದವರು ಇನ್ನೊಂದು ಕಡೆಯಿಂದ.

ಬೆಳೆಸಾಲ ಇದ್ದವರ ಕಂತನ್ನು ಬ್ಯಾಂಕಿನವರೋ ಸಹಕಾರ ಸಂಘದವರೋ ಅವರ ಖಾತೆಯಿಂದಲೇ ಮುರಿದುಕೊಂಡು ಅರ್ಜಿ ಸೇರಿಸುತ್ತಾರೆ. 2020ರ ಮುಂಗಾರಿನಿಂದ ಇದು ಕಡ್ಡಾಯವಲ್ಲ. ಬೇಡ ಅನ್ನುವವರು ಕೊನೆಯ ದಿನಕ್ಕಿಂತ ಏಳು ದಿನ ಮೊದಲೇ ಬರವಣಿಗೆಯಲ್ಲಿ ತಿಳಿಸಬೇಕು. ಸುಮ್ಮನಿದ್ದರೆ ಒಪ್ಪಿಗೆ ಎಂದೇ ಲೆಕ್ಕ. ಸಾಲ ಇಲ್ಲದವರು ಬ್ಯಾಂಕ್, ಗ್ರಾಮ ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ ತಾವೇ ಅರ್ಜಿ ಹಾಕಬೇಕು. ಎರಡೂ ಕಡೆಯ ಅರ್ಜಿಗಳು ಹೋಗಿ ಸೇರುವುದು ರಾಜ್ಯದ ಸಂರಕ್ಷಣೆ ಎಂಬ ಒಂದೇ ಪೋರ್ಟಲಿಗೆ. ಕೊನೆಯ ದಿನಾಂಕ ಪ್ರತಿ ವರ್ಷದ ಅಧಿಸೂಚನೆಯಲ್ಲಿ ಬರುತ್ತದೆ. ಕಳೆದ ವರ್ಷದ ದಿನಾಂಕ ನಂಬಿ ಕೂರಬೇಡಿ, ತೋಟಗಾರಿಕೆ ಇಲಾಖೆಯವರನ್ನೋ ಸಂಘದವರನ್ನೋ ಕೇಳಿ.

ಕಂತಿನ ಲೆಕ್ಕ ಹೀಗೆ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಅಡಿಕೆಗೆ ಒಂದು ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ ಇಟ್ಟುಕೊಂಡು ಬಂದಿದ್ದಾರೆ. ರೈತ ಕಟ್ಟಬೇಕಾದ್ದು ಹೆಚ್ಚೆಂದರೆ ಅದರ ಶೇಕಡಾ 5, ಅಂದರೆ 6,400 ರೂಪಾಯಿ. ನಿಜವಾದ ಕಂತು ಅದಕ್ಕಿಂತ ದೊಡ್ಡದೇ ಇರುತ್ತದೆ. ಮಿಕ್ಕ ಭಾಗವನ್ನು ಕೇಂದ್ರ, ರಾಜ್ಯ ಸರ್ಕಾರಗಳು ವಿಮಾ ಕಂಪನಿಗೆ ಕಟ್ಟುತ್ತವೆ. ಈ ವರ್ಷದ ಮೊತ್ತವನ್ನು ಅಧಿಸೂಚನೆಯಲ್ಲಿ ನೋಡಿಕೊಳ್ಳಿ, ಲೆಕ್ಕದ ರೀತಿ ಮಾತ್ರ ಇದೇ.

ಹೊಸನಗರ ಕಡೆಯ ಒಂದು ತೋಟವನ್ನು ಉದಾಹರಣೆಗೆ ತಗೊಳ್ಳೋಣ. ಮೂರು ಎಕರೆ ಜಂಟಿ ಖಾತೆ, ಇಬ್ಬರು ಅಣ್ಣ ತಮ್ಮಂದಿರು, ತಮ್ಮನ ಪಾಲು ಒಂದೂವರೆ ಎಕರೆ. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡು ಎಕರೆ 19 ಗುಂಟೆ. ಆ ಲೆಕ್ಕದಲ್ಲಿ ತಮ್ಮನ ಪಾಲು 0.607 ಹೆಕ್ಟೇರ್ ಆಗುತ್ತದೆ. ಅದರ ವಿಮಾ ಮೊತ್ತ ಸುಮಾರು 77,700 ರೂಪಾಯಿ, ಅವನು ಕಟ್ಟುವ ಕಂತು ಸುಮಾರು 3,885 ರೂಪಾಯಿ. ಈ ತಮ್ಮನ ಅರ್ಜಿಯ ಬೆನ್ನು ಹಿಡಿದೇ ಮುಂದೆ ಹೋಗೋಣ.

ಕಂತು ಕಟ್ಟಿದ ಮೇಲೆ ಅವನಿಗೆ ಅರ್ಜಿ ಸಂಖ್ಯೆ ಇರುವ ರಸೀದಿ ಬರುತ್ತದೆ. ಬಹಳ ಜನ ಅದರಲ್ಲಿ ಹೆಸರನ್ನೂ ದುಡ್ಡನ್ನೂ ಮಾತ್ರ ನೋಡಿ ಮಡಚಿಡುತ್ತಾರೆ. ಹಾಗೆ ಮಾಡಬೇಡಿ. ಅಲ್ಲೇ ಕೌಂಟರಿನ ಮುಂದೆ ನಿಂತು ಬೆಳೆಯ ಹೆಸರು, ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಗ್ರಾಮ ಪಂಚಾಯಿತಿ, ಇಷ್ಟನ್ನೂ ಪಹಣಿ ಜೊತೆ ಇಟ್ಟು ಓದಿ. ಅದರಲ್ಲೂ ಪಂಚಾಯಿತಿಯ ಹೆಸರನ್ನು ಎರಡು ಸಲ ಓದಿ. ಮನೆ ಒಂದು ಪಂಚಾಯಿತಿಯಲ್ಲಿ, ತೋಟ ಹಳ್ಳದ ಆಚೆ ಇನ್ನೊಂದು ಪಂಚಾಯಿತಿಯಲ್ಲಿ ಇರುವುದು ನಮ್ಮಲ್ಲಿ ಮಾಮೂಲು. ವಿಮೆಗೆ ಲೆಕ್ಕ ತೋಟ ಇರುವ ಪಂಚಾಯಿತಿ. ಅದು ಯಾಕೆ ಇಷ್ಟು ಮುಖ್ಯ ಅನ್ನುವುದು ಕೆಂಪು ಗೆರೆಯ ಕೆಳಗೆ ಹೋದಾಗ ಗೊತ್ತಾಗುತ್ತದೆ. ಬೆಳೆಸಾಲದ ಅರ್ಜಿಯನ್ನು ಬ್ಯಾಂಕಿನವರೇ ತಪ್ಪಾಗಿ ತುಂಬಿದ್ದರೆ, ಅದರಿಂದಾದ ನಷ್ಟಕ್ಕೆ ಬ್ಯಾಂಕೇ ಹೊಣೆ ಎಂದು ಯೋಜನೆಯ ಮಾರ್ಗಸೂಚಿ ಹೇಳುತ್ತದೆ. ಆದರೆ ಆ ತಪ್ಪನ್ನು ತೋರಿಸಲಿಕ್ಕೆ ನಿಮ್ಮ ಕೈಯಲ್ಲಿ ಕಾಗದ ಇರಬೇಕು. ಆದ್ದರಿಂದ ಸಾಲ ಇದ್ದವರೂ ರಸೀದಿ ಕೇಳಿ ಪಡೆಯಿರಿ.

ಅಡಿಕೆಗೆ ಹಬ್ಬಿಸಿದ ಕಾಳುಮೆಣಸಿಗೂ ವಿಮೆ ಬೇಕೆಂದರೆ ಅದು ಬೇರೆ ಬೆಳೆ, ಬೇರೆ ಕಂತು. ಅಡಿಕೆಗೆ ಕಟ್ಟಿದರೆ ಮೆಣಸೂ ಅದರಲ್ಲೇ ಬಂತು ಎಂದುಕೊಳ್ಳಬೇಡಿ.

## ದುಡ್ಡು ಕಟ್ಟಿದ ಮೇಲೆ ಬರುವ ದಣಪೆ

ಚಿತ್ರದಲ್ಲಿ ಈ ದಣಪೆಗೆ ಹಳದಿ ಬಣ್ಣ ಬಳಿದಿದ್ದೇನೆ. ಒಳಗಿನ ಪ್ರಶ್ನೆ ಹೀಗಿದೆ: ಅರ್ಜಿಯಲ್ಲಿರುವ ಬೆಳೆ, ಬೆಳೆ ಸಮೀಕ್ಷೆಯಲ್ಲಿರುವ ಬೆಳೆಗೆ ತಾಳೆಯಾಗುತ್ತದೆಯೇ?

ಸರ್ಕಾರ ಪ್ರತಿ ಹಂಗಾಮಿನಲ್ಲೂ ಮೊಬೈಲ್ ಆ್ಯಪ್ ಮೂಲಕ ಬೆಳೆ ಸಮೀಕ್ಷೆ ಮಾಡಿಸುತ್ತದೆ. ರೈತ ತಾನೇ ಆ್ಯಪ್‌ನಲ್ಲಿ ತನ್ನ ಜಮೀನಿನ ಫೋಟೊ ತೆಗೆದು ಹಾಕಬಹುದು. ಅವನು ಹಾಕದಿದ್ದರೆ ಊರಿನಲ್ಲಿ ನೇಮಿಸಿಕೊಂಡ ಖಾಸಗಿ ನಿವಾಸಿಗಳು ಬಂದು ಮಾಡುತ್ತಾರೆ. ಅವರು ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಬರೆದರೋ ಅದೇ ದಾಖಲೆ. ವಿಮೆ ಅರ್ಜಿಯಲ್ಲಿ ಅಡಿಕೆ ಎಂದಿದ್ದು ಸಮೀಕ್ಷೆಯಲ್ಲಿ ಭತ್ತ ಎಂದೋ ಬೀಳು ಎಂದೋ ಇದ್ದರೆ ಅರ್ಜಿ ತಾಳೆಯಾಗಲಿಲ್ಲ ಎಂದು ತಿರಸ್ಕಾರದ ಬಾಣಕ್ಕೆ ಹೋಗುತ್ತದೆ. ವಿಸ್ತೀರ್ಣದಲ್ಲಿ ವ್ಯತ್ಯಾಸ ಬಂದರೂ ತಕರಾರು ಏಳುತ್ತದೆ.

ಮಲೆನಾಡಿನಲ್ಲಿ ಈ ತಪ್ಪು ಆಗಲಿಕ್ಕೆ ಕಾರಣಗಳು ಸಾಕಷ್ಟಿವೆ. ಗದ್ದೆಯನ್ನು ತೋಟ ಮಾಡಿ ನಾಲ್ಕೈದು ವರ್ಷ ಆಗಿರುತ್ತದೆ, ದಾಖಲೆಯಲ್ಲಿ ಇನ್ನೂ ಭತ್ತವೇ ಇರುತ್ತದೆ. ಒಂದೇ ಸರ್ವೆ ನಂಬರಿನ ಒಂದು ತುದಿ ತೋಟ, ಇನ್ನೊಂದು ತುದಿ ಗದ್ದೆ. ಸಮೀಕ್ಷೆಗೆ ಬಂದವರು ರಸ್ತೆ ಪಕ್ಕದ ತುದಿಯ ಫೋಟೊ ತೆಗೆದು ಹೋಗಿರುತ್ತಾರೆ. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ಸಿಗದೆ ನಕ್ಷೆಯಲ್ಲಿ ಜಾಗ ತಪ್ಪುವುದೂ ಉಂಟು.

ಇದರಲ್ಲಿ ಗಮನಿಸಬೇಕಾದ್ದು ದಣಪೆಯ ಜಾಗ. ಇದು ಇರುವುದು ಕಂತು ಕಟ್ಟುವ ಚೌಕಕ್ಕಿಂತ ಕೆಳಗೆ. ಕೌಂಟರಿನಲ್ಲಿ ದುಡ್ಡು ತಗೊಂಡರು, ರಸೀದಿ ಕೊಟ್ಟರು ಅಂದರೆ ಅರ್ಜಿ ಒಪ್ಪಿತವಾಯಿತು ಎಂದಲ್ಲ. ತಾಳೆ ನೋಡುವುದು ಆಮೇಲೆ. ತಿರಸ್ಕಾರವಾದರೆ ಅದನ್ನು ಯಾರಾದರೂ ಮನೆಗೆ ಬಂದು ಹೇಳುತ್ತಾರೆ ಎಂದು ಕಾಯುವಂತಿಲ್ಲ. ನಾವೇ ನೋಡಿಕೊಳ್ಳಬೇಕು.

ನೋಡುವುದು ಕಷ್ಟವಲ್ಲ. ಬೆಳೆ ದರ್ಶಕ್ ಎಂಬ ಆ್ಯಪ್ ಇದೆ. ಅದರಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿದರೆ ನಿಮ್ಮ ಜಮೀನಿಗೆ ಯಾವ ಬೆಳೆ ಬರೆದಿದ್ದಾರೆ ಎಂದು ಕಾಣಿಸುತ್ತದೆ, ತೆಗೆದ ಫೋಟೊವೂ ಕಾಣಿಸುತ್ತದೆ. ತಪ್ಪಿದ್ದರೆ ಅದರಲ್ಲೇ ಆಕ್ಷೇಪಣೆ ಹಾಕಬಹುದು. ಆಕ್ಷೇಪಣೆಗೆ ಗಡುವು ಇರುತ್ತದೆ, ಗಡುವು ದಾಟಿದ ಮೇಲೆ ಆ ಹಂಗಾಮಿನ ದಾಖಲೆ ಮುಚ್ಚಿಹೋಗುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಹತ್ತು ನಿಮಿಷದ ಕೆಲಸ ಇದು.

ಅರ್ಜಿ ಎಲ್ಲಿದೆ ಎಂದು ತಿಳಿಯಲು ಸಂರಕ್ಷಣೆ ಪೋರ್ಟಲ್ಲಿಗೆ ಹೋಗಬೇಕು. ವಿಳಾಸ samrakshane.karnataka.gov.in. ವರ್ಷ, ಹಂಗಾಮು ಆರಿಸಿ, ಅರ್ಜಿ ಸಂಖ್ಯೆ ಅಥವಾ ಮೊಬೈಲ್ ಸಂಖ್ಯೆ ಹಾಕಿದರೆ ಸ್ಥಿತಿ ತೋರಿಸುತ್ತದೆ. ಅರ್ಜಿ ಹಾಕುವಾಗ ಬೇರೆ ಯಾರದ್ದೋ ಮೊಬೈಲ್ ನಂಬರ್ ಕೊಡಬೇಡಿ ಎನ್ನುವುದು ಇದೇ ಕಾರಣಕ್ಕೆ.

ನಮ್ಮ ತಮ್ಮನ ಅರ್ಜಿ ಇಲ್ಲಿ ಸಿಕ್ಕಿಕೊಂಡಿತು ಎಂದುಕೊಳ್ಳಿ. ಮೂರು ಎಕರೆಯಲ್ಲಿ ಅವನ ಪಾಲಿನ ಒಂದೂವರೆ ಎಕರೆ ಹಳೇ ಗದ್ದೆ, ಈಗ ತೋಟ. ಸಮೀಕ್ಷೆಯಲ್ಲಿ ಅಣ್ಣನ ಕಡೆ ಅಡಿಕೆ, ತಮ್ಮನ ಕಡೆ ಭತ್ತ ಎಂದು ಬಂದಿದೆ. ಆಗ ಅವನ ಕೈಯಲ್ಲಿರಬೇಕಾದ್ದು ತೋಟ ಇದೆ ಎಂದು ತೋರಿಸುವ ಕಾಗದ: ಬೆಳೆ ಕಾಲಂನಲ್ಲಿ ಅಡಿಕೆ ಎಂದಿರುವ ಪಹಣಿ, ಅವನ ಹೆಸರಲ್ಲಿ ಅಡಿಕೆ ಮಾರಿದ ಮಂಡಿಯ ರಸೀದಿ, ಜಾಗದ ಗುರುತು ಬರುವಂತೆ ತೋಟದಲ್ಲೇ ನಿಂತು ತೆಗೆದ ಫೋಟೊ. ತಿರಸ್ಕೃತ ಅರ್ಜಿಗಳಿಗೆ ಆಕ್ಷೇಪಣೆ ಕೊಡಲು ಅವಕಾಶ ಕೊಟ್ಟು ಪ್ರಕಟಣೆ ಹೊರಡಿಸಿದಾಗ ಇಂಥ ದಾಖಲೆಗಳನ್ನೇ ಕೇಳುತ್ತಾರೆ. ಅಡಿಕೆಯನ್ನೆಲ್ಲ ಅಣ್ಣನ ಹೆಸರಲ್ಲೇ ಮಂಡಿಗೆ ಹಾಕುವ ಮನೆಗಳಲ್ಲಿ ತಮ್ಮನ ಹತ್ತಿರ ಒಂದು ರಸೀದಿಯೂ ಇರುವುದಿಲ್ಲ. ಈ ವರ್ಷದಿಂದಲಾದರೂ ಅವರವರ ಪಾಲನ್ನು ಅವರವರ ಹೆಸರಲ್ಲಿ ಹಾಕಿ.

## ಕೆಂಪು ಗೆರೆಯ ಕೆಳಗೆ: ಪಂಚಾಯಿತಿಯ ಮಳೆಮಾಪಕ

ಇನ್ನು ಮಳೆಯ ದಾರಿ. ಇದರಲ್ಲಿ ನಾವು ಮಾಡುವ ಕೆಲಸ ಒಂದೂ ಇಲ್ಲ. ಆದರೆ ದುಡ್ಡು ಬರುತ್ತದೋ ಇಲ್ಲವೋ ಎಂದು ತೀರ್ಮಾನವಾಗುವುದು ಇಲ್ಲೇ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಅಳೆದು ತಾನೇ ಅಂಕಿ ಕಳಿಸುವ ಮಳೆಮಾಪಕಗಳನ್ನು ಹಾಕಿದೆ. ಪಂಚಾಯಿತಿ ಕಚೇರಿ ಹಿಂದೆಯೋ ಶಾಲೆ ಬಯಲಿನಲ್ಲೋ ಬೇಲಿ ಹಾಕಿ, ಸೌರ ಫಲಕ ಇಟ್ಟ ಕಂಬ ನೋಡಿರುತ್ತೀರಿ, ಅದೇ. ಪ್ರತಿ 15 ನಿಮಿಷದ ಮಳೆ ಅದರಿಂದ ಬೆಂಗಳೂರಿಗೆ ಹೋಗುತ್ತದೆ. ಒಂದು ದಿನದ ಮಳೆ ಎಂದರೆ ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಬೆಳಿಗ್ಗೆ ಎಂಟೂವರೆಯ ತನಕ ಬಿದ್ದದ್ದು.

ಯಾಕೆ ಪಂಚಾಯಿತಿಗೊಂದು ಬೇಕು? ನಮ್ಮ ಜಿಲ್ಲೆಯನ್ನೇ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ಶಿವಮೊಗ್ಗ ಪೇಟೆಯ ಕಡೆ ಅದರ ಕಾಲುಭಾಗವೂ ಇಲ್ಲ. ಒಂದೇ ತಾಲ್ಲೂಕಿನಲ್ಲೂ ಘಟ್ಟದ ಅಂಚಿಗೂ ಒಳನಾಡಿಗೂ ಮಳೆ ಬೇರೆ. ತಾಲ್ಲೂಕಿಗೊಂದು ಅಂಕಿ ಇಟ್ಟರೆ ಯಾರಿಗೂ ಸರಿಯಾಗುವುದಿಲ್ಲ.

ಮಳೆಮಾಪಕದ ಅಂಕಿ ಬಂದ ಮೇಲೆ ಅದನ್ನು ಒಂದು ಕೋಷ್ಟಕದ ಜೊತೆ ಇಟ್ಟು ನೋಡುತ್ತಾರೆ. ಅದಕ್ಕೆ ಟರ್ಮ್ ಶೀಟ್ ಎನ್ನುತ್ತಾರೆ. ಯಾವ ದಿನಾಂಕದಿಂದ ಯಾವ ದಿನಾಂಕದ ತನಕ, ಎಷ್ಟು ಮಳೆ ದಾಟಿದರೆ ಪರಿಹಾರ ಶುರು, ದಾಟಿದ ಪ್ರತಿ ಮಿಲಿಮೀಟರಿಗೆ ಎಷ್ಟು ರೂಪಾಯಿ, ಹೆಚ್ಚೆಂದರೆ ಎಷ್ಟು ಎಂದು ಅದರಲ್ಲಿ ಮೊದಲೇ ಬರೆದಿರುತ್ತದೆ. ಮಳೆ ಹೆಚ್ಚಾದರೆ ಒಂದು ಭಾಗ, ಎಡೆಬಿಡದ ಮಳೆಗೆ ಒಂದು ಭಾಗ ಎಂಬಂತೆ ಒಟ್ಟು ವಿಮಾ ಮೊತ್ತವನ್ನು ಭಾಗಗಳಾಗಿ ಹಂಚಿರುತ್ತಾರೆ.

ತಮ್ಮನ ತೋಟಕ್ಕೆ ಲೆಕ್ಕ ಹಾಕೋಣ. ಇವು ರೀತಿ ತಿಳಿಯಲಿಕ್ಕೆ ನಾನೇ ಇಟ್ಟ ಅಂಕಿಗಳು, ನಿಮ್ಮ ಪಂಚಾಯಿತಿಯ ಅಂಕಿ ಬೇರೆ ಇರುತ್ತದೆ. ಮಳೆಗಾಲದ ಒಂದು ಅವಧಿಯಲ್ಲಿ 2,500 ಮಿಲಿಮೀಟರ್ ದಾಟಿದರೆ ಪರಿಹಾರ ಶುರು, ಆಮೇಲಿನ ಪ್ರತಿ ಮಿಲಿಮೀಟರಿಗೆ ಹೆಕ್ಟೇರಿಗೆ 20 ರೂಪಾಯಿ, ಹೆಚ್ಚೆಂದರೆ 30,000 ರೂಪಾಯಿ ಎಂದು ಇಟ್ಟುಕೊಳ್ಳಿ. ಅವನ ಪಂಚಾಯಿತಿಯ ಮಾಪಕ 3,100 ತೋರಿಸಿತು. ಮಿತಿಗಿಂತ 600 ಹೆಚ್ಚು. 600ಕ್ಕೆ 20ರಂತೆ ಹೆಕ್ಟೇರಿಗೆ 12,000 ರೂಪಾಯಿ. ಅವನದು 0.607 ಹೆಕ್ಟೇರ್, ಹಾಗಾಗಿ ಸಿಗುವುದು 7,284 ರೂಪಾಯಿ. ಹಳ್ಳದ ಆಚೆಯ ಪಂಚಾಯಿತಿಯ ಮಾಪಕ 2,480ಕ್ಕೆ ನಿಂತಿತು. ಅಲ್ಲಿನವರಿಗೆ ಈ ಭಾಗದಲ್ಲಿ ಒಂದು ರೂಪಾಯಿಯೂ ಇಲ್ಲ. ಮಿತಿಗೆ 20 ಮಿಲಿಮೀಟರ್ ಕಡಿಮೆ, ಅಷ್ಟೇ. ಪಕ್ಕದವರಿಗೆ ಬಂತು ನಮಗೆ ಬರಲಿಲ್ಲ ಎನ್ನುವುದರ ಒಳಗಿನ ಲೆಕ್ಕ ಹೀಗಿರುತ್ತದೆ. ತಮ್ಮನ ಅರ್ಜಿಯಲ್ಲಿ ಪಂಚಾಯಿತಿಯ ಹೆಸರು ತಪ್ಪಿ ಹಳ್ಳದ ಆಚೆಯದ್ದು ಬಿದ್ದಿದ್ದರೆ ಅವನಿಗೂ ಸೊನ್ನೆಯೇ ಗತಿ.

1,28,000 ವಿಮೆ ಇದ್ದೂ ಇಷ್ಟೇ ಯಾಕೆ ಎಂದು ಕೇಳುವವರಿಗೂ ಉತ್ತರ ಇದರಲ್ಲೇ ಇದೆ. ಎಲ್ಲ ಭಾಗಗಳೂ ತಮ್ಮ ತುತ್ತತುದಿಯ ಮಿತಿ ಮುಟ್ಟಿದರೆ ಮಾತ್ರ ಪೂರ್ತಿ ಮೊತ್ತ ಬರುವುದು.

ಮಾಪಕ ಕೆಟ್ಟು ನಿಂತರೆ? ಅದಕ್ಕೆ ಬದಲಿಯಾಗಿ ಯಾವ ಕೇಂದ್ರದ ಅಂಕಿ ಹಿಡಿಯಬೇಕು ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಆದರೆ ಹತ್ತಿರದ ಮಾಪಕದಷ್ಟು ಸರಿಯಾದ ಅಂಕಿ ದೂರದ್ದರಿಂದ ಬರುವುದಿಲ್ಲ. ಹಾಗಾಗಿ ನಮ್ಮ ಪಂಚಾಯಿತಿಯ ಮಾಪಕದ ಮೇಲೆ ಊರಿನ ಕಣ್ಣಿರಲಿ. ಮರದ ಕೊಂಬೆ ಅದರ ಮೇಲೆ ಬಾಗಿದೆಯೇ, ಎಲೆ ಬಿದ್ದು ಬಾಯಿ ಕಟ್ಟಿದೆಯೇ, ಸೌರ ಫಲಕ ಬಳ್ಳಿಯಲ್ಲಿ ಮುಚ್ಚಿದೆಯೇ ಎಂದು ಬೇಲಿಯ ಹೊರಗಿನಿಂದಲೇ ಕಾಣುತ್ತದೆ. ಮುಟ್ಟಲಿಕ್ಕೆ ಹೋಗಬೇಡಿ, ಪಂಚಾಯಿತಿಗೆ ಬರವಣಿಗೆಯಲ್ಲಿ ತಿಳಿಸಿ. ನಿಮ್ಮ ಕಡೆಯ ಮಳೆಯ ಮಾಹಿತಿಯನ್ನು ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿ 9243345433ರಲ್ಲಿ ಕೇಳಬಹುದು. ಮನೆಯಲ್ಲಿ ಮಳೆ ಅಳೆದು ಬರೆದಿಡುವ ಹಿರಿಯರು ನಮ್ಮಲ್ಲಿ ಇದ್ದಾರೆ. ಅವರ ಲೆಕ್ಕ ವಿಮೆಗೆ ನಡೆಯುವುದಿಲ್ಲ. ಆದರೆ ಪಂಚಾಯಿತಿಯ ಮಾಪಕ ಸುರಿಯುವ ಮಳೆಯಲ್ಲೂ ಸೊನ್ನೆ ತೋರಿಸುತ್ತಿದ್ದರೆ ಮೊದಲು ಗೊತ್ತಾಗುವುದು ಅವರಿಗೇ.

## ಎರಡು ದಾರಿ ಸೇರುವ ಕಡೆ

ವಿಮೆಯ ಅವಧಿ ಮುಗಿದು, ಅಂಕಿಗಳು ಕಂಪನಿಗೆ ತಲುಪಿ, ಸರ್ಕಾರಗಳ ಪಾಲಿನ ಕಂತೂ ಸಂದ ಮೇಲೆ ದುಡ್ಡು ಬಿಡುಗಡೆಯಾಗುತ್ತದೆ. ಅದಕ್ಕೇ ಕೊಳೆ ಬಂದ ತಿಂಗಳಲ್ಲೇ ಪರಿಹಾರ ಕಾಯಬೇಡಿ, ಅದು ಬರುವುದು ತಿಂಗಳುಗಳ ನಂತರ.

ಕೊನೆಯ ದಣಪೆ ಬ್ಯಾಂಕ್ ಖಾತೆಯದ್ದು. ದುಡ್ಡು ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಎರಡು ಮೂರು ಖಾತೆ ಇದ್ದವರಿಗೆ ಕೊನೆಯದಾಗಿ ಯಾವುದಕ್ಕೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಬರಲಿಲ್ಲ ಎಂದುಕೊಂಡವರ ದುಡ್ಡು ಎಂದೋ ಮರೆತ ಖಾತೆಯಲ್ಲಿ ಕೂತಿರುವುದೂ ಉಂಟು. ನಿಮ್ಮ ಬ್ಯಾಂಕಿನಲ್ಲಿ ಕೇಳಿದರೆ ಜೋಡಣೆ ಯಾವುದಕ್ಕಿದೆ ಎಂದು ಹೇಳುತ್ತಾರೆ.

## ಈ ಚಿತ್ರಕ್ಕೆ ಸೇರದವರು, ಸೇರದ ನಷ್ಟಗಳು

ಬಗರ್‌ಹುಕುಂ ಸಾಗುವಳಿಯವರ ಕಷ್ಟ ಇಲ್ಲಿ ಹೇಳಲೇಬೇಕು. ಅರ್ಜಿ ಕೊಟ್ಟು ವರ್ಷಗಳಾಗಿವೆ, ತೋಟ ಫಸಲು ಕೊಡುತ್ತಿದೆ, ಆದರೆ ಪಹಣಿ ಅವರ ಹೆಸರಿಗೆ ಬಂದಿಲ್ಲ. ಪಹಣಿ ಇಲ್ಲದೆ ಎಫ್‌ಐಡಿಗೆ ಜಮೀನು ಸೇರುವುದಿಲ್ಲ, ಆದ್ದರಿಂದ ಮೊದಲ ದಣಪೆಯಲ್ಲೇ ಅವರ ದಾರಿ ಮುಚ್ಚುತ್ತದೆ. ಮಂಜೂರಾದ ಜಮೀನಿಗೆ ಖಾತೆ ಮಾಡಿಸಿಕೊಳ್ಳದೆ ಸಾಗುವಳಿ ಚೀಟಿ ಮಾತ್ರ ಇಟ್ಟುಕೊಂಡವರಿದ್ದರೆ ಮೊದಲು ಆ ಕೆಲಸ ಮುಗಿಸಿ.

ಎಲೆಚುಕ್ಕೆ ರೋಗದ ಬಗ್ಗೆಯೂ ಕೇಳುತ್ತಾರೆ. ರೋಗ ಬಂತು ಎಂಬ ಕಾರಣಕ್ಕೆ ಈ ವಿಮೆ ದುಡ್ಡು ಕೊಡುವುದಿಲ್ಲ, ಅದು ಎಲೆಚುಕ್ಕೆಯಾಗಲಿ ಹಳದಿ ಎಲೆ ರೋಗವಾಗಲಿ. ಟರ್ಮ್ ಶೀಟಿನಲ್ಲಿ ಬರೆದ ಹವಾಮಾನದ ಅಂಕಿ ದಾಟಿದರೆ ಮಾತ್ರ ಪರಿಹಾರ. ಕಾಡುಕೋಣ, ಮಂಗನ ಹಾವಳಿಗೂ ಇದರಲ್ಲಿ ಜಾಗವಿಲ್ಲ. ಗಾಳಿಗೆ ಮರ ಮುರಿದರೆ ಅದರ ಪರಿಹಾರದ ದಾರಿ ಬೇರೆ, ಕಂದಾಯ ಇಲಾಖೆಯ ಕಡೆಯದ್ದು. ಆ ಅರ್ಜಿಯನ್ನು ಗ್ರಾಮ ಆಡಳಿತಾಧಿಕಾರಿಗೆ ಕೂಡಲೇ ಕೊಡಬೇಕು.

ವಿಮೆಯ ಬಗ್ಗೆ ದೂರು ಇದ್ದರೆ ಕೇಂದ್ರದ ಸಹಾಯವಾಣಿ 14447ಕ್ಕೆ ಕರೆ ಮಾಡಬಹುದು. ಕರೆ ಮಾಡುವಾಗ ಅರ್ಜಿ ಸಂಖ್ಯೆ ಎದುರಿಗಿಟ್ಟುಕೊಳ್ಳಿ, ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಅದರ ಜೊತೆಗೆ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗೂ ಒಂದು ಪತ್ರ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಪತ್ರದಲ್ಲಿ ನಷ್ಟದ ಕತೆ ಉದ್ದಕ್ಕೆ ಬರೆಯುವುದಕ್ಕಿಂತ ಅರ್ಜಿ ಯಾವ ದಣಪೆಯಲ್ಲಿ ನಿಂತಿದೆ ಎಂದು ಬರೆಯಿರಿ: ಸರ್ವೆ ನಂಬರ್ ಸೇರಿಲ್ಲವೇ, ಬೆಳೆ ತಾಳೆಯಾಗಿಲ್ಲವೇ, ಪಂಚಾಯಿತಿ ತಪ್ಪಿದೆಯೇ, ಖಾತೆಗೆ ದುಡ್ಡು ಬಂದಿಲ್ಲವೇ. ನಾಲ್ಕಕ್ಕೂ ಕೇಳುವ ಮೇಜು ಬೇರೆ ಬೇರೆ. ಮೊದಲನೆಯದಕ್ಕೆ ನಾಡಕಚೇರಿ, ಎರಡನೆಯದಕ್ಕೆ ಬೆಳೆ ಸಮೀಕ್ಷೆಯವರು, ಮೂರನೆಯದಕ್ಕೆ ಅರ್ಜಿ ತುಂಬಿದ ಬ್ಯಾಂಕ್ ಅಥವಾ ಕೇಂದ್ರ, ನಾಲ್ಕನೆಯದಕ್ಕೆ ನಿಮ್ಮ ಬ್ಯಾಂಕ್ ಶಾಖೆ.

ಈಗ ಪಹಣಿ, ರಸೀದಿ ತಂದವರು ಮುಂದೆ ಬನ್ನಿ. ಒಬ್ಬೊಬ್ಬರದ್ದೇ ಸರ್ವೆ ನಂಬರ್ ಹಾಕಿ ಬೆಳೆ ದರ್ಶಕ್‌ನಲ್ಲಿ ಏನು ಬರೆದಿದೆ ಎಂದು ಇಲ್ಲೇ ನೋಡಿಬಿಡೋಣ.